ಮನೆ ತೋರಿಸುವ ಮೊದಲು ಈ ಹಾಳೆ ತುಂಬಿಸಿ

ಮನೆ ಕೊಳ್ಳಲು ಬಂದವರನ್ನು ‘ಬಜೆಟ್ ಎಷ್ಟು?’ ಅಂತ ಕೇಳಬೇಡಿ. ಆ ಪ್ರಶ್ನೆಗೆ ಜನ ಮನೆಯ ಬೆಲೆ ಹೇಳ್ತಾರೆ, ಕೈಯಲ್ಲಿರುವ ದುಡ್ಡು ಹೇಳಲ್ಲ. ಕಲಬುರಗಿಯಲ್ಲಿ ಮನೆ ಕೊಡಿಸುವ ಕೆಲಸ ಮಾಡುವ ನಾನು ಹಾಳೆಯ ಮೇಲೆ ಮೊದಲು ಮೂರು ಪ್ರಶ್ನೆ ಬರೆದುಕೊಳ್ಳುತ್ತೇನೆ. ಸಾಲ ಬಿಟ್ಟು ಕೈಯಲ್ಲಿ ಎಷ್ಟಿದೆ? ತಿಂಗಳಿಗೆ ಎಷ್ಟು ಕಂತು ಕಟ್ಟಬಹುದು? ಈಗಾಗಲೇ ಯಾವ ಕಂತು ನಡೆಯುತ್ತಿದೆ?

ಒಬ್ಬ ಶಿಕ್ಷಕರು ಬಂದಿದ್ದರು. "ಐವತ್ತು ಲಕ್ಷದೊಳಗ ಒಂದ್ ಮನಿ ತೋರಸ್ರಿ" ಅಂದರು. ಕೈಯಲ್ಲಿ 12 ಲಕ್ಷ ಇತ್ತು. ಅವರ ಎದುರೇ ಲೆಕ್ಕ ಹಾಕಿದೆ. ಅಷ್ಟು ಬೆಲೆಯ ಮನೆಗೆ ಬ್ಯಾಂಕ್ ಹೆಚ್ಚೆಂದರೆ ಶೇ 80, ಅಂದರೆ 40 ಲಕ್ಷ ಕೊಡುತ್ತದೆ. ಉಳಿದ 10 ಲಕ್ಷ ಇವರದ್ದು. ನೋಂದಣಿ ಖರ್ಚು ಬೇರೆ. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ ಮೇಲೆ, ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ನಗರದಲ್ಲಿ ಸುಮಾರು ಶೇ 7.6 ಆಗುತ್ತದೆ. ಅಂದರೆ 3.8 ಲಕ್ಷ. ಇದಕ್ಕೆ ಬ್ಯಾಂಕ್ ಸಾಲ ನಂಬಿಕೊಳ್ಳುವ ಹಾಗಿಲ್ಲ. ಒಟ್ಟು ಬೇಕಾದದ್ದು 13.8 ಲಕ್ಷ. ಅದೇ 43 ಲಕ್ಷದ ಮನೆಗಾದರೆ 11.9 ಲಕ್ಷ ಸಾಕು. ಶೇ 8.5 ಬಡ್ಡಿಗೆ 20 ವರ್ಷ ಅಂದರೆ ಕಂತು 30 ಸಾವಿರದ ಆಸುಪಾಸು. ಹಾಳೆಯಲ್ಲಿ 50 ಹೊಡೆದುಹಾಕಿ 43 ಬರೆದೆ. ಬಣ್ಣ, ಸಾಗಾಟಕ್ಕೆ ಏನೂ ಉಳಿಯದಿದ್ದರೆ ಇನ್ನೂ ಇಳಿಸಬೇಕು.

ಮುಂದೆ ಮನೆಯವರು. ‘ಎಷ್ಟು ಬೆಡ್‌ರೂಮ್?’ ಅನ್ನುವುದಕ್ಕಿಂತ ‘ರಾತ್ರಿ ಯಾರು ಎಲ್ಲಿ ಮಲಗುತ್ತೀರಿ?’ ಅಂತ ಕೇಳಿ. ಆ ಶಿಕ್ಷಕರು ಆಗಷ್ಟೇ ಅವ್ವನ ಮಾತು ತೆಗೆದರು. ಮೊಣಕಾಲು ನೋವು, ಮೆಟ್ಟಿಲು ಹತ್ತಲು ಆಗಲ್ಲ. ಕೆಳಗಿನ ಕೋಣೆಗೆ ಹತ್ತಿರವೇ ಬಚ್ಚಲು ಬೇಕು. ಇದೊಂದೇ ಉತ್ತರಕ್ಕೆ ನನ್ನ ಪಟ್ಟಿಯ ಅರ್ಧ ಮನೆಗಳು ಬಿಟ್ಟುಹೋದವು. ನಮ್ಮ ಊರಿನ ಬಿಸಿಲಿಗೆ ಇನ್ನೊಂದು ಪ್ರಶ್ನೆ ಬಿಡಲೇಬಾರದು: ಮಧ್ಯಾಹ್ನ ಮನೆಯಲ್ಲಿ ಯಾರಿರ್ತಾರೆ? ಅವರು ಇರುವ ಕೋಣೆ ಪಡುವಣ ಬಿಸಿಲಿಗೆ ಕಾಯುವಂತಿರಬಾರದು ಅಲ್ವಾ?

ಬಡಾವಣೆ ಕೇಳುವಾಗ ಸುಮ್ನೆ ಹೆಸರು ಬರೆದುಕೊಂಡರೆ ಸಾಲದು. ಬೆಳಿಗ್ಗೆ ಯಾರು ಎತ್ತ ಹೋಗುತ್ತಾರೆ ಅಂತ ಬರೆಯಿರಿ. ಇವರು ಜೇವರ್ಗಿ ರಸ್ತೆ ಅಂದಿದ್ದರು. ಆದರೆ ಅವರ ಹೆಂಡತಿಯ ಕೆಲಸವೂ ಮಗಳ ಕಾಲೇಜೂ ಸೇಡಂ ರಸ್ತೆಯ ಕಡೆ. ‘ಜೇವರ್ಗಿ ರಸ್ತೆ ಯಾಕೆ?’ ಅಂದಾಗ, ತಮ್ಮ ಅಲ್ಲಿದ್ದಾನೆ ಅಂದರು. ದಿನವೂ ಓಡಾಡುವವರು ಇಬ್ಬರು, ತಮ್ಮನ ಮನೆಗೆ ಹೋಗುವುದು ವಾರಕ್ಕೊಮ್ಮೆ. ಹಾಗಾಗಿ ಮೊದಲ ಸಾಲಿಗೆ ಸೇಡಂ ರಸ್ತೆ ಬಂತು.

ಕೊನೆಯದು ಸಮಯ. ‘ಯಾವಾಗ ಬೇಕು?’ ಅಂದರೆ ಎಲ್ಲರೂ ‘ಲಗೂನ’ ಅಂತಾರೆ. ‘ಯಾವ ಕೆಲಸಕ್ಕಾಗಿ ಅಷ್ಟರೊಳಗೆ ಬೇಕು?’ ಅಂತ ಕೇಳಿ. ಇವರಿಗೆ ಆಷಾಢಕ್ಕೆ ಮೊದಲು ಗೃಹಪ್ರವೇಶ ಆಗಬೇಕಿತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿದೆವು: ಬಣ್ಣ, ನೋಂದಣಿ, ಬ್ಯಾಂಕಿನವರ ಕಾಗದ ಪರಿಶೀಲನೆ, ಮಾರುವವರ ಇ-ಖಾತಾ. ಇ-ಖಾತಾ ಆಗಿರದ ಮನೆಯನ್ನು ಇವರಿಗೆ ತೋರಿಸುವುದೇ ಬೇಡ ಅಂತ ಹಾಳೆಯ ಮೇಲ್ಗಡೆ ಬರೆದೆ.

ಹಾಳೆ ತುಂಬಿದ ಮೇಲೆ ಗಂಡ ಹೆಂಡತಿ ಇಬ್ಬರ ಮುಂದೆ ಓದಿ ಹೇಳಿ. ಮೂರು ಮನೆ ನೋಡಿ ಬಂದ ಮೇಲೆ ಮತ್ತೊಮ್ಮೆ ಓದಿ. ಉತ್ತರ ಬದಲಾಗಿದ್ದರೆ ಹಳೆಯದನ್ನು ಹೊಡೆದು, ತಾರೀಖು ಹಾಕಿ ಹೊಸದು ಬರೆಯಿರಿ.