ಗೋಡೆಗೆ ಒತ್ತಿದ ಕಪಾಟು, ಮಳೆಗಾಲದ ಮುಗ್ಗಲು ವಾಸನೆ

ಕಾರವಾರ, ಅಂಕೋಲಾ ಕಡೆಯ ಮನೆಗಳಲ್ಲಿ ಮುಗ್ಗಲು ವಾಸನೆ ಮೊದಲು ಹಿಡಿಯುವುದು ಪಶ್ಚಿಮದ ಹೊರಗೋಡೆಗೆ ಒತ್ತಿಟ್ಟ ಕಪಾಟಿಗೆ. ಮಳೆ ಬೀಸಿ ಹೊಡೆಯುವುದು ಆ ಗೋಡೆಗೇ, ಚಿರೆಕಲ್ಲೋ ನೀರು ಹೀರುವ ಕಲ್ಲು. ಬಟ್ಟೆ ಮತ್ತೆ ಒಗೆಯುವ ಮೊದಲು ನಾನು ಗೋಡೆ ನೋಡುತ್ತೇನೆ.

ಕಪಾಟನ್ನು ಸರಿಸಿ, ಅದರ ಹಿಂದಿನ ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಬೇಕು. ಹನಿಗಳು ಹಾಳೆಯ ಒಳಮೈಯಲ್ಲಿ ಕೂತರೆ ಗೋಡೆಯೇ ನೀರು ಕುಡಿದಿದೆ ಎಂದರ್ಥ. ಆಗ ಹೊರಗಿನ ಗಿಲಾವಿನ ಬಿರುಕು ಮುಚ್ಚಿಸಬೇಕು. ಆ ಕೆಲಸ ಏಪ್ರಿಲ್–ಮೇನಲ್ಲಿ, ಗೋಡೆ ಒಣಗಿದ ಮೇಲೆಯೇ ಸರಿ. ಅಲ್ಲಿಯವರೆಗೆ ಹೊರಗೆ ಸೋಗೆ ತಟ್ಟಿಯನ್ನೋ ತಗಡನ್ನೋ ಗೋಡೆಯಿಂದ ಗೇಣು ದೂರಕ್ಕೆ ಕಟ್ಟಿದರೂ ಹೊಡೆತ ತಪ್ಪುತ್ತದೆ. ಹನಿ ಕೋಣೆಯ ಕಡೆ ಮೈಯಲ್ಲಿದ್ದರೆ ನೀರು ಬಂದದ್ದು ಗಾಳಿಯಿಂದ. ಅದಕ್ಕೆ ವಾಟರ್‌ಪ್ರೂಫ್ ಬಣ್ಣ ಬಳಿದು ಪ್ರಯೋಜನವಿಲ್ಲ.

ಗಾಳಿಯ ಲೆಕ್ಕ ಹೀಗೆ. ಕೋಣೆಯಲ್ಲಿ 27 ಡಿಗ್ರಿ, ತೇವಾಂಶ ಶೇ 85 ಇದ್ದಾಗ ಅದೇ ಗಾಳಿ 25 ಡಿಗ್ರಿಯ ಗೋಡೆ ಮುಟ್ಟಿದರೆ ಅಲ್ಲಿ ತೇವಾಂಶ ಶೇ 95ರ ಆಸುಪಾಸಿಗೆ ಏರುತ್ತದೆ. ಕಪಾಟಿನ ಹಿಂಬದಿಯ ಹಲಗೆಗೆ ಬೂಸ್ಟು ಮೊದಲು ಹಿಡಿಯುವುದು ಇದಕ್ಕೇ. ಕಪಾಟನ್ನು ಗೋಡೆಯಿಂದ ಮೂರು ಇಂಚು ಮುಂದೆ ತಂದು, ನೆಲದಿಂದ ನಾಲ್ಕು ಇಂಚು ಎತ್ತರಿಸಿದರೆ ಹಲಗೆಯ ತಂಪು ಕಡಿಮೆಯಾಗುತ್ತದೆ. ಜುಲೈನಲ್ಲಿ ಮಳೆ ಸುರಿಯುವಾಗ ‘ಗಾಳಿಯಾಡಲಿ’ ಎಂದು ಬಾಗಿಲು ತೆರೆದಿಡುವವರಿದ್ದಾರೆ. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಅದರಿಂದ ಕೆಡುಕೇ ಹೆಚ್ಚು.

ಅಂಗಡಿಯ ತೇವ ಹೀರುವ ಡಬ್ಬಿಗಳ ಮೇಲೆ ನನಗೆ ಭರವಸೆ ಕಡಿಮೆ. ಕೈಗೆ ಒಣಗಿದಂತೆ ಕಾಣುವ ಹತ್ತಿ ಬಟ್ಟೆಯಲ್ಲೂ ಗಾಳಿಯ ತೇವಾಂಶಕ್ಕೆ ತಕ್ಕಷ್ಟು ನೀರಿರುತ್ತದೆ. ಶೇ 65 ತೇವಾಂಶದಲ್ಲಿ ಅದು ಬಟ್ಟೆಯ ತೂಕದ ಶೇ 7–8ರಷ್ಟು. ಶೇ 90 ದಾಟಿದರೆ ಅದರ ಸುಮಾರು ಎರಡು ಪಟ್ಟು. ಇಪ್ಪತ್ತು ಕಿಲೋ ಬಟ್ಟೆಯಿರುವ ಕಪಾಟಿನಲ್ಲಿ ಹೀಗೆ ಲೀಟರಿಗೂ ಮೇಲ್ಪಟ್ಟು ಹೆಚ್ಚುವರಿ ನೀರು ಅಡಗಿರುತ್ತದೆ, ಬಾಗಿಲ ಸಂದಿಯಿಂದ ಇನ್ನಷ್ಟು ಬರುತ್ತಲೇ ಇರುತ್ತದೆ. ತೇವ ಹೀರಿದ ಡಬ್ಬಿಯ ಉಪ್ಪು ಕರಗಿ ನೀರಾಗುತ್ತದೆ, ಡಬ್ಬಿ ತುಂಬಿ ಉರುಳಿದರಂತೂ ಆ ಉಪ್ಪುನೀರು ಬಟ್ಟೆಗೆ ಇಳಿಯುತ್ತದೆ. ಡಾಂಬರು ಗುಳಿಗೆ, ಕರ್ಪೂರ ವಾಸನೆ ಮರೆಸುತ್ತವೆ, ತೇವ ಹಾಗೇ ಉಳಿಯುತ್ತದೆ.

ನಿಜಕ್ಕೂ ಕೆಲಸ ಮಾಡುವುದು ಸ್ವಲ್ಪ ಬಿಸಿ. 26 ಡಿಗ್ರಿಯ, ಶೇ 90 ತೇವದ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ತೇವಾಂಶ ಶೇ 71ಕ್ಕೆ ಇಳಿಯುತ್ತದೆ. ವಿದ್ಯುತ್ ಪ್ಯಾನಲ್‌ಗಳೊಳಗೆ ಹಾಕುವ ಸಣ್ಣ ಸ್ಪೇಸ್ ಹೀಟರ್, 20ರಿಂದ 30 ವ್ಯಾಟ್‌ನದ್ದು, ಥರ್ಮೋಸ್ಟಾಟ್ ಸಹಿತ, ಆರಡಿ ಎತ್ತರದ ಕಪಾಟಿನ ತಳದಲ್ಲಿಡಲು ನನಗೆ ಸರಿಹೋಗಿದೆ. ಅದಕ್ಕೆ ತಂತಿಬಲೆಯ ಗೂಡು ಬೇಕು, ಬಟ್ಟೆ ಗೇಣು ದೂರವಿರಬೇಕು, ಅರ್ಥಿಂಗ್ ಸಹಿತ ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಎಲ್‌ಇಡಿ ದೀಪ ಬೇಕಾದಷ್ಟು ಬಿಸಿ ಕೊಡದು. ಒಳಗೊಂದು ತೇವಮಾಪಕ ಇಡಿ. ಮೊದಲ ಕೆಲವು ಗಂಟೆ ಅದು ಇಳಿಯುವ ಬದಲು ಏರುವುದುಂಟು: ಬಿಸಿಗೆ ಬಟ್ಟೆ, ಹಲಗೆ ಎರಡೂ ನೀರು ಬಿಡುತ್ತಿರುತ್ತವೆ. ಹೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಮಳೆ ಬಿಟ್ಟ ಬಿಸಿಲ ಹೊತ್ತಿಗೆ ಬಾಗಿಲು ತುಸು ತೆರೆದು ಆ ತೇವ ಹೊರಹಾಕಿ. ಆಮೇಲೆ ಶೇ 70ರ ಕೆಳಗೆ ನಿಂತರೆ ಹೊಸ ಬೂಸ್ಟು ಏಳುವುದು ಅಪರೂಪ.

ಹಳೆಯ ಬೂಸ್ಟನ್ನು ಒಣ ಬ್ರಷ್‌ನಿಂದ ಕೆರೆದರೆ ಪುಡಿ ಮನೆಯೆಲ್ಲ ಹರಡುತ್ತದೆ. ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಆಮೇಲೆ ಪ್ಲೈವುಡ್‌ನ ಬರಿ ಅಂಚುಗಳಿಗೆ ವಾರ್ನಿಶ್ ಹೊಡೆಯಿರಿ. ಒದ್ದೆಯಿರುವಾಗಲೇ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ಒಗೆದ ಬಟ್ಟೆಯಲ್ಲಿ ಏಳುವ ಹುಳಿ ವಾಸನೆಗೆ ಕಾರಣ ಬೇರೆ: ನಿಧಾನವಾಗಿ ಒಣಗುವಾಗ ಬೆಳೆಯುವ ಬ್ಯಾಕ್ಟೀರಿಯಾ. ಮಷಿನ್‌ನಲ್ಲಿ ಎರಡು ಸಲ ಸ್ಪಿನ್ ಮಾಡಿ, ನಾಲ್ಕು ಬೆರಳು ಅಂತರ ಬಿಟ್ಟು ಫ್ಯಾನಿನಡಿ ಹರವಿದರೆ ಅದಕ್ಕೆ ಸಮಯ ಸಿಗುವುದಿಲ್ಲ. ವಾಸನೆ ಹಿಡಿದ ಹತ್ತಿ ಟವೆಲ್‌ಗಳನ್ನು 60 ಡಿಗ್ರಿ ನೀರಿನಲ್ಲಿ ಒಗೆಯಬೇಕು. ರೇಷ್ಮೆ, ಉಣ್ಣೆಗೆ ಇದು ಸಲ್ಲ. ಒಣಗಿದೆಯೇ ಎಂದು ನೋಡಲು ಹೊಲಿಗೆಯಂಚು, ಎಲಾಸ್ಟಿಕ್, ಜೇಬಿನ ಮೂಲೆಯನ್ನು ಕೆನ್ನೆಗೆ ತಾಗಿಸಿ. ತಣ್ಣಗೆನಿಸಿದರೆ ಇನ್ನೂ ನೀರು ಆರುತ್ತಿದೆ. ಇಸ್ತ್ರಿ ಹಾಕಿದ ಬಿಸಿ ಬಟ್ಟೆಯನ್ನೂ ಕೂಡಲೇ ಮಡಚಬೇಡಿ. ಹಬೆ ಹೋಗಲು ಅರ್ಧ ಗಂಟೆ ಹ್ಯಾಂಗರ್‌ಗೆ ಹಾಕಿ, ಆಮೇಲೆ ಕಪಾಟಿಗಿಡಿ.