ಎನ್‌ಪಿವಿ ಒಂದನ್ನ ಗೆಲ್ಲಿಸತ್ತೆ, ಐಆರ್‌ಆರ್ ಇನ್ನೊಂದನ್ನ: ಎರಡು ಪ್ರಾಜೆಕ್ಟ್ ಕಳೆದು ನೋಡೋದು ಹೇಗೆ

ಗಂಗಾವತಿ ಕಡೆ ಒಂದು ರೈಸ್ ಮಿಲ್ ಇದೆ ಅಂದ್ಕೊಳ್ಳಿ. ಲೈನ್ ಹಳೇದು, ಅಕ್ಕಿಯಲ್ಲಿ ಕಪ್ಪು ಕಾಳು ಉಳ್ಕೊಂಡು ರೇಟ್ ಬೀಳ್ತಿದೆ. ಮಾಲೀಕರ ಮುಂದೆ ಎರಡು ದಾರಿ ಇದೆ: ಹಳೇ ಲೈನ್‌ಗೇ ಒಂದು ಕಲರ್ ಸಾರ್ಟರ್ ಕೂರಿಸೋದು, ಇಲ್ಲಾಂದ್ರೆ ಇಡೀ ಲೈನ್ ಕಿತ್ತು ಸಾರ್ಟರ್ ಸಮೇತ ಹೊಸದು ಹಾಕೋದು. ಎರಡನ್ನೂ ಮಾಡೋಕಾಗಲ್ಲ, ಒಂದನ್ನ ಆರಿಸ್ಲೇಬೇಕು. ಈ "ಒಂದೇ ಒಂದು" ಅನ್ನೋ ಷರತ್ತು ಇದ್ದಾಗ ಮಾತ್ರ ಇವತ್ತಿನ ಜಗಳ ಬರೋದು, ಅಂದ್ರೆ ಎನ್‌ಪಿವಿ ಒಂದನ್ನ ಆರಿಸು ಅನ್ನತ್ತೆ, ಐಆರ್‌ಆರ್ ಇನ್ನೊಂದನ್ನ. ಎನ್‌ಪಿವಿ ಅಂದ್ರೆ ಮುಂದೆ ಬರೋ ದುಡ್ಡನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ, ಅದ್ರಿಂದ ಹೂಡಿಕೆ ಕಳೆದ್ರೆ ಉಳಿಯೋ ಮೊತ್ತ. ಐಆರ್‌ಆರ್ ಅಂದ್ರೆ ಆ ಮೊತ್ತ ಸೊನ್ನೆ ಆಗೋ ರೇಟ್. ಎರಡೂ ಮಾಡಬಹುದು, ದುಡ್ಡಿಗೂ ತೊಂದ್ರೆ ಇಲ್ಲ ಅಂತಾದ್ರೆ ಎರಡೂ ಲಾಭದಲ್ಲಿದ್ರೆ ಎರಡೂ ಮಾಡಿ, ರ‍್ಯಾಂಕಿಂಗ್ ಗೊಡವೆನೇ ಬೇಡ.

ಕೆಳಗಿರೋ ಅಂಕಿಗಳು ಲೆಕ್ಕ ಅರ್ಥ ಆಗ್ಲಿ ಅಂತ ನಾನು ಹಾಕ್ಕೊಂಡಿರೋವು, ಯಾವುದೇ ಕಂಪನಿ ಕೊಟೇಶನ್ ಅಲ್ಲ. ಟ್ಯಾಕ್ಸನ್ನೂ ಸದ್ಯಕ್ಕೆ ಬಿಟ್ಟಿದೀನಿ.

ಮೊದಲು ಗಾತ್ರದ ಜಗಳ

ಸಾರ್ಟರ್‌ಗೆ ಇವತ್ತು 10 ಲಕ್ಷ, ಆಮೇಲೆ 5 ವರ್ಷ ವರ್ಷಕ್ಕೆ 4 ಲಕ್ಷ ಹೆಚ್ಚುವರಿ ಆದಾಯ. ಹೊಸ ಲೈನ್‌ಗೆ 50 ಲಕ್ಷ, 5 ವರ್ಷ ವರ್ಷಕ್ಕೆ 16.5 ಲಕ್ಷ. ಮಾಲೀಕರ ದುಡ್ಡಿನ ಖರ್ಚು, ಅಂದ್ರೆ ಬ್ಯಾಂಕ್ ಬಡ್ಡಿ ಮತ್ತು ಸ್ವಂತ ದುಡ್ಡು ಬೇರೆ ಕಡೆ ಅಷ್ಟೇ ರಿಸ್ಕಲ್ಲಿ ದುಡೀತಿದ್ದದ್ದು ಎಲ್ಲಾ ಸೇರಿಸಿ, 12% ಅಂತ ಇಟ್ಕೊಳ್ಳೋಣ.

ಸ್ಪ್ರೆಡ್‌ಶೀಟ್‌ನ 2ನೇ ಸಾಲಲ್ಲಿ ಸಾರ್ಟರ್, 3ನೇ ಸಾಲಲ್ಲಿ ಹೊಸ ಲೈನ್ ಹಾಕಿ. B ಕಾಲಂ ಇವತ್ತಿನ ಹೂಡಿಕೆ, ಮೈನಸ್‌ನಲ್ಲಿ. C ಇಂದ G ವರೆಗೆ 5 ವರ್ಷದ ಆದಾಯ. ಆಮೇಲೆ ಈ ಎರಡು ಫಾರ್ಮುಲಾ ಹಾಕಿ, 3ನೇ ಸಾಲಿಗೂ ಎಳೀರಿ:

```
=NPV(12%,C2:G2)+B2
=IRR(B2:G2)
```

ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. B2ನ ಬ್ರಾಕೆಟ್ ಒಳಗೇ ಸೇರಿಸಿಬಿಡ್ತಾರೆ. NPV ಫಂಕ್ಷನ್ ತನ್ನ ಮೊದಲ ಅಂಕಿ ಒಂದು ವರ್ಷ ಆದ್ಮೇಲೆ ಬರತ್ತೆ ಅಂತಲೇ ತಿಳ್ಕೊಳ್ಳೋದು, ಹಾಗಾಗಿ ಇವತ್ತಿನ ಖರ್ಚನ್ನೂ ಒಂದು ವರ್ಷ ಮುಂದಕ್ಕೆ ತಳ್ಳಿ ಎಲ್ಲಾನೂ 1.12ರಿಂದ ಭಾಗಿಸಿಬಿಡತ್ತೆ. ಸಾರ್ಟರ್‌ನ ಎನ್‌ಪಿವಿ 4.42 ಲಕ್ಷ ಬರೋದ್ರ ಬದ್ಲು 3.95 ಲಕ್ಷ ಬಂದಿದ್ರೆ ನೀವು ಮಾಡಿರೋದು ಇದೇ.

ಸರಿಯಾಗಿ ಹಾಕಿದ್ರೆ ಸಾರ್ಟರ್‌ಗೆ ಎನ್‌ಪಿವಿ 4.42 ಲಕ್ಷ, ಐಆರ್‌ಆರ್ ಸುಮಾರು 28.6%. ಹೊಸ ಲೈನ್‌ಗೆ ಎನ್‌ಪಿವಿ 9.48 ಲಕ್ಷ, ಐಆರ್‌ಆರ್ 19.4%. ಐಆರ್‌ಆರ್ ಸಾರ್ಟರ್ ತಗೋ ಅನ್ನತ್ತೆ, ಎನ್‌ಪಿವಿ ಹೊಸ ಲೈನ್ ಹಾಕು ಅನ್ನತ್ತೆ.

ಯಾರೂ ಸುಳ್ಳು ಹೇಳ್ತಿಲ್ಲ. ಐಆರ್‌ಆರ್ ಹೇಳೋದು ಹಾಕಿದ ಪ್ರತಿ ರೂಪಾಯಿ ವರ್ಷಕ್ಕೆ ಎಷ್ಟು ದುಡೀತು ಅಂತ, ಎಷ್ಟು ರೂಪಾಯಿ ಹಾಕಿದ್ರಿ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. 10 ಲಕ್ಷದ ಮೇಲೆ 28.6% ಅಂದ್ರೂ, 10 ರೂಪಾಯಿ ಮೇಲೆ 28.6% ಅಂದ್ರೂ ಅದಕ್ಕೆ ಒಂದೇ. ಎನ್‌ಪಿವಿ ಹೇಳೋದು 12% ಖರ್ಚು ಕಳೆದ್ಮೇಲೆ ಮಾಲೀಕರು ಇವತ್ತಿನ ಲೆಕ್ಕದಲ್ಲಿ ಎಷ್ಟು ರೂಪಾಯಿ ಸಾಹುಕಾರರಾದ್ರು ಅಂತ.

ಕಳೆಯಿರಿ

ಹಾಗಾದ್ರೆ ಯಾವುದನ್ನ ನಂಬೋದು? ಸುಮ್ನೆ "ಎನ್‌ಪಿವಿನೇ ಸರಿ" ಅಂತ ಉರು ಹೊಡೆಯೋದ್ರ ಬದ್ಲು ದೊಡ್ಡದ್ರಿಂದ ಚಿಕ್ಕದನ್ನ ಕಳೆದು ನೋಡಿ. 4ನೇ ಸಾಲಿನ B ಕಾಲಂನಲ್ಲಿ ಇದನ್ನ ಹಾಕಿ G ವರೆಗೆ ಎಳೀರಿ:

```
=B3-B2
```

ಬರೋದು: ಇವತ್ತು ಮೈನಸ್ 40 ಲಕ್ಷ, ಆಮೇಲೆ 5 ವರ್ಷ 12.5 ಲಕ್ಷ. ಈಗ ಇದನ್ನೇ ಒಂದು ಮೂರನೇ ಪ್ರಾಜೆಕ್ಟ್ ಅಂತ ನೋಡಿ, ಯಾಕಂದ್ರೆ ಹೊಸ ಲೈನ್ ಅಂದ್ರೆ ಸಾರ್ಟರ್ ಜೊತೆಗೆ ಈ 40 ಲಕ್ಷದ ಪ್ರಾಜೆಕ್ಟ್, ಅಷ್ಟೇ. ಇದರ ಐಆರ್‌ಆರ್ 17%, ಎನ್‌ಪಿವಿ 5.06 ಲಕ್ಷ. 12%ಗೆ ಸಿಗೋ ದುಡ್ಡು 17% ದುಡೀತಿದೆ ಅಂದ್ಮೇಲೆ ಬೇಡ ಅನ್ನೋಕೆ ಕಾರಣ ಏನಿದೆ? ಸಾರ್ಟರ್ ಆರಿಸ್ಕೊಂಡು ಉಳಿದ 40 ಲಕ್ಷ ಎಲ್ಲಿಡ್ತೀರಾ ಅನ್ನೋದೇ ನಿಜವಾದ ಪ್ರಶ್ನೆ, ಅದು 12% ಕಡೆ ಹೋಗೋದಾದ್ರೆ ಹೊಸ ಲೈನೇ ವಾಸಿ.

ಗಮನಿಸಿ, ಕಳೆದ ಸಾಲಿನ ಐಆರ್‌ಆರ್ ಮತ್ತು ಎನ್‌ಪಿವಿ ಎರಡೂ ಒಂದೇ ಮಾತು ಹೇಳಿದ್ವು. ಆ 17% ಒಂದು ಗಡಿ ಥರ ಕೂಡ. ದುಡ್ಡಿನ ಖರ್ಚು 17%ಗಿಂತ ಕಮ್ಮಿ ಇದ್ರೆ ಹೊಸ ಲೈನ್, ಜಾಸ್ತಿ ಇದ್ರೆ ಸಾರ್ಟರ್. ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1930ರಲ್ಲಿ ಎರಡು ಆಯ್ಕೆಗಳನ್ನ ಹೀಗೆ ಒಂದರ ಎದುರು ಒಂದು ಇಟ್ಟು ನೋಡಿದ್ರಿಂದ ಈ ಗಡಿಗೆ ಫಿಶರ್ ರೇಟ್ ಅಂತಾರೆ, ಕ್ರಾಸ್‌ಓವರ್ ರೇಟ್ ಅಂತಲೂ ಹೇಳ್ತಾರೆ.

ಒಂದು ಎಚ್ಚರಿಕೆ. ಅಂಥದ್ದೇ ಸಾರ್ಟರನ್ನ ಅದೇ ಲಾಭದಲ್ಲಿ ಐದು ಕಡೆ ಕೂರಿಸೋ ಅವಕಾಶ ನಿಜವಾಗ್ಲೂ ಇದ್ರೆ 50 ಲಕ್ಷಕ್ಕೆ ಎನ್‌ಪಿವಿ 22 ಲಕ್ಷ ಬರತ್ತೆ, ಆಗ ಹೊಸ ಲೈನ್ ಸೋಲತ್ತೆ. ಆದ್ರೆ ಒಂದು ಮಿಲ್‌ಗೆ ಒಂದೇ ಸಾರ್ಟರ್ ಸಾಕು, ಎರಡನೇದು ಸುಮ್ನೆ ಕೂತಿರತ್ತೆ. ಬಹಳ ಸಲ ಹೈ ಐಆರ್‌ಆರ್ ಪ್ರಾಜೆಕ್ಟ್‌ಗಳ ಕಥೆ ಹೀಗೇ, ಚೆನ್ನಾಗಿರತ್ತೆ ಆದ್ರೆ ಇನ್ನೊಂದು ಸಿಗಲ್ಲ.

ಈಗ ಟೈಮಿಂಗ್ ಜಗಳ

ಇದು ಸ್ವಲ್ಪ ಕಳ್ಳ, ಯಾಕಂದ್ರೆ ಹೂಡಿಕೆ ಎರಡಕ್ಕೂ ಸಮ ಇದ್ರೂ ಜಗಳ ಬರತ್ತೆ. ಅದೇ ಮಿಲ್‌ನಲ್ಲಿ ಖಾಲಿ ಶೆಡ್ ಒಂದಿದೆ, 20 ಲಕ್ಷ ಹಾಕಿ ಏನಾದ್ರೂ ಮಾಡಬೇಕು. ಒಂದು, ಬೇರೆಯವರ ಭತ್ತ ಮಿಲ್ ಮಾಡಿಕೊಡೋ ಜಾಬ್ ವರ್ಕ್, ಮೊದಲ ವರ್ಷ 14 ಲಕ್ಷ, ಆಮೇಲೆ 8, ಆಮೇಲೆ 4. ಇನ್ನೊಂದು, ಸ್ವಂತ ಬ್ರ್ಯಾಂಡ್ ಪ್ಯಾಕಿಂಗ್, ಮಾರ್ಕೆಟ್ ಹಿಡಿಯೋಕೆ ಟೈಮ್ ಬೇಕು, ಮೊದಲ ವರ್ಷ 2 ಲಕ್ಷ, ಆಮೇಲೆ 8, ಮೂರನೇ ವರ್ಷ 20.

ಜಾಬ್ ವರ್ಕ್‌ನ ಐಆರ್‌ಆರ್ 18.2%, ಬ್ರ್ಯಾಂಡ್‌ದು 17.1%. 12%ರಲ್ಲಿ ಎನ್‌ಪಿವಿ ಜಾಬ್ ವರ್ಕ್‌ಗೆ 1.72 ಲಕ್ಷ, ಬ್ರ್ಯಾಂಡ್‌ಗೆ 2.40 ಲಕ್ಷ. ಮತ್ತೆ ಉಲ್ಟಾ.

ಯಾಕೆ ಅಂತ ತಿಳಿಬೇಕಂದ್ರೆ ಐಆರ್‌ಆರ್ ಅನ್ನ ಸಾಲದ ಖಾತೆ ಥರ ಬಿಡಿಸಿ ನೋಡಿ. ಜಾಬ್ ವರ್ಕ್‌ನಲ್ಲಿ 20 ಲಕ್ಷ ಇಟ್ರಿ, 18.2% ಸೇರಿ 23.6 ಆಯ್ತು, 14 ವಾಪಸ್ ಬಂತು, ಒಳಗೆ ಉಳಿದಿದ್ದು 9.6 ಲಕ್ಷ. ಮುಂದಿನ ವರ್ಷ ಅದು 11.4 ಆಗಿ, 8 ಬಂದು, ಉಳಿದಿದ್ದು 3.4. ಕೊನೆ ವರ್ಷ 4 ಬಂದು ಖಾತೆ ಚುಕ್ತಾ. ಬ್ರ್ಯಾಂಡ್‌ನಲ್ಲಿ ಇದೇ ಲೆಕ್ಕ 17.1%ರಲ್ಲಿ ಮಾಡಿದ್ರೆ ಒಳಗಿರೋ ದುಡ್ಡು ಮೊದಲ ವರ್ಷ 20, ಎರಡನೇ ವರ್ಷ 21.4, ಮೂರನೇ ವರ್ಷ 17.1 ಲಕ್ಷ.

ಅಂದ್ರೆ ಜಾಬ್ ವರ್ಕ್ 18.2% ದುಡಿದಿದ್ದು ನಿಜ, ಆದ್ರೆ ಎರಡನೇ ವರ್ಷ ಬರೀ 9.6 ಲಕ್ಷದ ಮೇಲೆ, ಮೂರನೇ ವರ್ಷ 3.4 ಲಕ್ಷದ ಮೇಲೆ. ಬ್ರ್ಯಾಂಡ್ ಒಂದು ಪರ್ಸೆಂಟ್ ಕಮ್ಮಿ ರೇಟಲ್ಲಿ ದುಡಿದ್ರೂ ಮೂರೂ ವರ್ಷ ದೊಡ್ಡ ಮೊತ್ತದ ಮೇಲೆ ದುಡೀತು. ಹಾಗಾಗಿ ಟೈಮಿಂಗ್ ಜಗಳನೂ ಒಳಗಿಂದ ಗಾತ್ರದ ಜಗಳವೇ, ಗಾತ್ರದ ವ್ಯತ್ಯಾಸ ಇವತ್ತಿನ ದಿನ ಕಾಣದೇ ಎರಡನೇ ವರ್ಷದಿಂದ ಶುರು ಆಗತ್ತೆ ಅಷ್ಟೇ.

ಕಳೆಯೋ ಉಪಾಯ ಇಲ್ಲೂ ನಡೆಯತ್ತೆ. ಬ್ರ್ಯಾಂಡ್‌ನಿಂದ ಜಾಬ್ ವರ್ಕ್ ಕಳೀರಿ: ಇವತ್ತು 0, ಮೊದಲ ವರ್ಷ ಮೈನಸ್ 12, ಎರಡನೇ ವರ್ಷ 0, ಮೂರನೇ ವರ್ಷ ಪ್ಲಸ್ 16. ಮೊದಲ ವರ್ಷದ ಕೊನೆಗೆ 12 ಲಕ್ಷ ಬಿಟ್ಟುಕೊಟ್ರೆ ಎರಡು ವರ್ಷ ಆದ್ಮೇಲೆ 16 ಲಕ್ಷ, ಅದು ವರ್ಷಕ್ಕೆ 15.5% ಆಯ್ತು. ನಿಮ್ಮ ದುಡ್ಡು ಹೊರಗೆ 12% ಮಾತ್ರ ದುಡಿಯೋದಾದ್ರೆ ಬಿಟ್ಟುಕೊಡಿ. ಯಾವತ್ತೂ ಮೈನಸ್ ಮೊದಲು ಬರೋ ಥರಾನೇ ಕಳೀಬೇಕು, ಉಲ್ಟಾ ಕಳೆದ್ರೆ ಅದು ಸಾಲ ತಗೊಂಡ ಹಾಗೆ, ಆಗ ರೇಟ್ ಜಾಸ್ತಿ ಇದ್ದಷ್ಟೂ ಕೆಟ್ಟದ್ದು. ಕಳೆದ ಸಾಲಲ್ಲಿ ಪ್ಲಸ್ ಮೈನಸ್ ಒಂದಕ್ಕಿಂತ ಹೆಚ್ಚು ಸಲ ಬದಲಾದ್ರೆ ಒಂದಕ್ಕಿಂತ ಹೆಚ್ಚು ಐಆರ್‌ಆರ್ ಸಿಗಬಹುದು, ಅಂಥ ಕಡೆ ಎನ್‌ಪಿವಿ ಮಾತ್ರ ನೋಡಿ.

"ಐಆರ್‌ಆರ್ ಅಂದ್ರೆ ಬಂದ ದುಡ್ಡನ್ನ ಮತ್ತೆ ಐಆರ್‌ಆರ್‌ನಲ್ಲೇ ಹೂಡ್ತೀವಿ ಅನ್ನೋ ಊಹೆ" ಅಂತ ಕಾಮರ್ಸ್ ಓದಿದವರೆಲ್ಲ ಕೇಳಿರ್ತೀರಾ. ನನ್ನ ಪ್ರಕಾರ ಅದು ಅರ್ಧ ಮಾತ್ರ ಸರಿ. ಐಆರ್‌ಆರ್ ಲೆಕ್ಕ ಹಾಕೋಕೆ ಅಂಥ ಊಹೆ ಏನೂ ಬೇಡ, ಮೇಲಿನ ಖಾತೆಲಿ ವಾಪಸ್ ಬಂದ 14 ಲಕ್ಷ ಎಲ್ಲಿ ಹೋಯ್ತು ಅಂತ ನಾವು ಕೇಳ್ಲೇ ಇಲ್ಲ. ಆದ್ರೆ ಆ ರೇಟ್ ನೋಡಿ ಜಾಬ್ ವರ್ಕೇ ಮೇಲು ಅಂದ ತಕ್ಷಣ ಆ 14 ಲಕ್ಷ ಹೊರಗೂ 18% ಹತ್ರ ದುಡಿಯತ್ತೆ ಅಂತ ಒಪ್ಕೊಂಡ ಹಾಗೆ. ಅದು 12%ರಲ್ಲಿ ಕೂತ್ರೆ ಮೂರನೇ ವರ್ಷದ ಕೊನೆಗೆ ಜಾಬ್ ವರ್ಕ್ ಕಡೆ ಒಟ್ಟು 30.5 ಲಕ್ಷ, ಬ್ರ್ಯಾಂಡ್ ಕಡೆ 31.5 ಲಕ್ಷ ಇರತ್ತೆ.

ಇದನ್ನೇ ಸರಿಪಡಿಸೋಕೆ MIRR ಅನ್ನೋ ಫಂಕ್ಷನ್ ಇದೆ, ಮರುಹೂಡಿಕೆ ರೇಟ್ ನಾವೇ ಕೊಡೋದು. 12% ಕೊಟ್ರೆ ಜಾಬ್ ವರ್ಕ್ 15.1%, ಬ್ರ್ಯಾಂಡ್ 16.3%, ಜಗಳ ಮುಗೀತು. ಆದ್ರೆ ಇದು ಗಾತ್ರದ ಜಗಳಕ್ಕೆ ಮದ್ದಲ್ಲ: ಸಾರ್ಟರ್‌ಗೆ 20.5%, ಹೊಸ ಲೈನ್‌ಗೆ 16%, ಇನ್ನೂ ಸಾರ್ಟರೇ ಮುಂದೆ. ಎಷ್ಟು ಬದಲಾಯಿಸಿದ್ರೂ ಅದು ಪರ್ಸೆಂಟೇಜೇ ತಾನೆ.

ಕೊನೆಗೆ ಆ 12% ಎಷ್ಟು ಗಟ್ಟಿ ಅನ್ನೋದನ್ನೂ ಒತ್ತಿ ನೋಡಿ. ರೇಟ್ 16%ಗೆ ಏರ್ಸಿದ್ರೆ ಜಾಬ್ ವರ್ಕ್‌ನ ಎನ್‌ಪಿವಿ ಸುಮಾರು 58 ಸಾವಿರ, ಬ್ರ್ಯಾಂಡ್‌ದು 48 ಸಾವಿರ, ಎನ್‌ಪಿವಿನೇ ಪಕ್ಷ ಬದಲಾಯಿಸಿಬಿಡ್ತು. ದೂರದ ದುಡ್ಡು ರೇಟ್ ಏರಿದಾಗ ಬೇಗ ಕರಗೋದು, ಬ್ರ್ಯಾಂಡ್‌ನ ದುಡ್ಡಲ್ಲಿ ಹೆಚ್ಚಿನದು ಮೂರನೇ ವರ್ಷದಲ್ಲೇ ಇದೆ. ಆದ್ರಿಂದ ವಾದ ಮಾಡೋದಿದ್ರೆ 18.2 ದೊಡ್ಡದಾ 17.1 ದೊಡ್ಡದಾ ಅಂತ ಅಲ್ಲ, ನಮ್ಮ ದುಡ್ಡಿನ ಖರ್ಚು 15.5%ಗಿಂತ ಕೆಳಗಿದೆಯಾ ಮೇಲಿದೆಯಾ ಅಂತ, ಜೊತೆಗೆ ಆ ಮೂರನೇ ವರ್ಷದ 20 ಲಕ್ಷ ನಿಜವಾಗ್ಲೂ ಬರತ್ತಾ ಅಂತ. ಅದು 19 ಲಕ್ಷಕ್ಕೆ ಇಳಿದ್ರೆ ಬ್ರ್ಯಾಂಡ್‌ನ ಎನ್‌ಪಿವಿ 1.69 ಲಕ್ಷ, ಜಾಬ್ ವರ್ಕ್‌ಗಿಂತ ಒಂಚೂರು ಕೆಳಗೆ.