ಅಂಗಡಿಯೊಳಗೆ ಕಂಡ ಬಣ್ಣ ಹೊರಗೂ ಅದೇ ಆಗಿರಬೇಕಾದರೆ

ಮರೂನ್ ಬಣ್ಣದ ರೇಷ್ಮೆಗೆ ಒಪ್ಪುವ ಹತ್ತಿ ಬಟ್ಟೆಯನ್ನು ಅಂಗಡಿಯ ದೀಪದ ಕೆಳಗೆ ಆರಿಸಿ ಹೊರಗೆ ತಂದು ನೋಡಿದಾಗ, ರೇಷ್ಮೆ ಕೆಂಪಾಗಿಯೇ ಉಳಿದು ಹತ್ತಿಯದು ಮಾತ್ರ ಕಂದಿಗೆ ತಿರುಗಿರುವುದುಂಟು. ಕೊಂಡವರು ಬಟ್ಟೆ ಬದಲಾಯಿತೆನ್ನುತ್ತಾರೆ, ಮಾರಿದವರು ಕೊಟ್ಟದ್ದು ಅದನ್ನೇ ಎನ್ನುತ್ತಾರೆ. ಇಬ್ಬರ ಮಾತೂ ನಿಜವೇ. ಬದಲಾದದ್ದು ಬೆಳಕು.

ಮೊದಲು ಈಗಿರುವ ದೀಪಗಳನ್ನೇ ಪರೀಕ್ಷಿಸಿ. ಕಡುಗೆಂಪು, ಕಡುನೀಲಿ, ಕಪ್ಪು ಮತ್ತು ಬಿಳಿ ಬಟ್ಟೆಯ ಒಂದೊಂದು ತುಂಡನ್ನು ಕೌಂಟರಿನ ಮೇಲೆ ಹರಡಿ ನೋಡಿ, ಬಳಿಕ ಅವನ್ನೇ ನೇರ ಬಿಸಿಲು ಬೀಳದ ಕಿಟಕಿಯ ಬಳಿಗೆ ಒಯ್ಯಿರಿ. ಕಣ್ಣು ಹೊಸ ಬೆಳಕಿಗೆ ಒಗ್ಗಿಕೊಳ್ಳಲು ಸಮಯ ಬೇಕಾದ್ದರಿಂದ ಪ್ರತಿ ಜಾಗದಲ್ಲೂ ಒಂದೆರಡು ನಿಮಿಷ ನಿಂತು ತೀರ್ಮಾನಿಸುವುದು ಒಳ್ಳೆಯದು. ಒಳಗೆ ಕೆಂಪು ಮಂಕಾಗಿ ಕಂಡರೆ, ಕಡುನೀಲಿ ಮತ್ತು ಕಪ್ಪು ಒಂದೇ ಎನಿಸಿದರೆ, ದೀಪ ಬದಲಿಸಲು ಅಷ್ಟು ಕಾರಣ ಸಾಕು.

ಹೊಸ ದೀಪ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ನೋಡಬೇಕಾದ ವಿವರಗಳು ಎರಡು. ಕೆಲ್ವಿನ್ ಸಂಖ್ಯೆ ಬೆಳಕು ಎಷ್ಟು ಹಳದಿ ಅಥವಾ ಎಷ್ಟು ನೀಲಿಛಾಯೆಯದು ಎಂದು ತಿಳಿಸುತ್ತದೆ: 2700 ಎಂದರೆ ಹಳದಿ ಬೆಳಕು, 6500 ಎಂದರೆ ನೀಲಿ ಬೆರೆತ ಬಿಳಿ. ಸಿಆರ್‌ಐ ಎಂಬುದು ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ, ಅದಕ್ಕೆ 100 ಗರಿಷ್ಠ. ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಈ ಸಂಖ್ಯೆ ಎಂಟು ತಿಳಿಬಣ್ಣಗಳ ಸರಾಸರಿ ಮಾತ್ರವಾಗಿದ್ದು, ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಆ ಕೆಂಪನ್ನು ಆರ್‌9 ಎಂಬ ಬೇರೆ ಅಳತೆಯಲ್ಲಿ ಕೊಡುತ್ತಾರೆ. ಸಿಆರ್‌ಐ 80 ಇರುವ ಸಾಮಾನ್ಯ ಎಲ್‌ಇಡಿಯ ಆರ್‌9 ಸೊನ್ನೆಯ ಆಸುಪಾಸಿನಲ್ಲೇ ಇರಬಹುದು. ಬಟ್ಟೆ ಅಂಗಡಿಗೆ ಸುಮಾರು 4000 ಕೆಲ್ವಿನ್, 90ಕ್ಕಿಂತ ಹೆಚ್ಚಿನ ಸಿಆರ್‌ಐ, ಕನಿಷ್ಠ 50 ಆರ್‌9 ಇರುವ ದೀಪವನ್ನು ನಾನು ಸೂಚಿಸುತ್ತೇನೆ. ಪೆಟ್ಟಿಗೆಯ ಮೇಲೆ ಆರ್‌9 ಇಲ್ಲದಿದ್ದರೆ ಮಾರುವವರನ್ನು ಕೇಳಿ; ಅವರಿಗೂ ತಿಳಿಯದಿದ್ದರೆ ಒಂದೇ ದೀಪ ಕೊಂಡು ಮರೂನ್ ತುಂಡಿನ ಮೇಲೆ ಹಾಕಿ ನೋಡಿದ ನಂತರವೇ ಉಳಿದವನ್ನು ತರಿಸಿ.

ಆದರೂ ಮೇಲಿನ ರೇಷ್ಮೆ ಮತ್ತು ಹತ್ತಿಯ ತೊಂದರೆ ಒಳ್ಳೆಯ ದೀಪವೊಂದರಿಂದಲೇ ಮುಗಿಯುವುದಿಲ್ಲ. ಎರಡು ನೂಲುಗಳಿಗೆ ಬಳಸಿದ ಬಣ್ಣದ ದ್ರವ್ಯ ಬೇರೆಯಾದ್ದರಿಂದ ಒಂದು ಬೆಳಕಿನಲ್ಲಿ ಒಪ್ಪಿದ ಜೋಡಿ ಇನ್ನೊಂದರಲ್ಲಿ ಬಿಟ್ಟುಕೊಳ್ಳಬಹುದು. ಇದಕ್ಕೆ ಅಂಗಡಿಯ ಒಂದು ಮೂಲೆಯಲ್ಲಿ ಜೋಡಿ ನೋಡುವ ಮೇಜು ಇಡಿ. ಅದರ ಮೇಲೆ ಎರಡು ದೀಪಗಳಿರಲಿ, ಒಂದು 6500 ಕೆಲ್ವಿನ್, ಇನ್ನೊಂದು 2700 ಕೆಲ್ವಿನ್, ಎರಡೂ 90 ದಾಟಿದ ಸಿಆರ್‌ಐಯವು. ಒಂದನ್ನು ಆರಿಸಿ ಇನ್ನೊಂದನ್ನು ಹಚ್ಚಿ, ಕೊಳ್ಳುವವರೆದುರಿಗೇ ತೋರಿಸಿ. ಎರಡರಲ್ಲೂ ಒಪ್ಪಿದ ಜೋಡಿಯನ್ನು ನಂಬಿ ಕೊಡಬಹುದು. ಒಂದರಲ್ಲಷ್ಟೇ ಒಪ್ಪಿದರೆ, ಕೊಳ್ಳುವವರು ಅದನ್ನು ಹೆಚ್ಚಾಗಿ ಹಗಲಿನಲ್ಲಿ ಉಡುವರೋ ರಾತ್ರಿಯಲ್ಲೋ ಎಂದು ಕೇಳಿ ಮುಂದುವರಿಯಬೇಕು.

ಚಿನ್ನದ ವಿಷಯ ಸ್ವಲ್ಪ ಬೇರೆ. ಚಿನ್ನ ನೀಲಿ ಬೆಳಕನ್ನು ಹೀರಿ ಹಳದಿ, ಕೆಂಪನ್ನು ಮರಳಿಸುತ್ತದೆ, ಆದ್ದರಿಂದ 2700 ಕೆಲ್ವಿನ್ ದೀಪದಲ್ಲಿ ಒಡವೆಗಳೆಲ್ಲ ಗಾಢವಾಗಿ ಹೊಳೆಯುತ್ತವೆ. ಆದರೆ 22 ಕ್ಯಾರೆಟ್‌ನ ಬಳೆ ಮತ್ತು ಅದಕ್ಕಿಂತ ತೆಳು ಹಳದಿಯ 18 ಕ್ಯಾರೆಟ್‌ನ ಬಳೆಯನ್ನು ಅಕ್ಕಪಕ್ಕ ಇಟ್ಟರೆ, ಆ ಬೆಳಕಿನಲ್ಲಿ ಅವುಗಳ ನಡುವಿನ ಅಂತರ ಸುಲಭವಾಗಿ ಕಣ್ಣಿಗೆ ಬೀಳದು. 3500 ಕೆಲ್ವಿನ್ ಆಸುಪಾಸಿನ ಬೆಳಕು ಚಿನ್ನವನ್ನು ಮಂಕು ಮಾಡದೆ ಈ ವ್ಯತ್ಯಾಸವನ್ನು ಉಳಿಸುತ್ತದೆ. ವಜ್ರ ಮತ್ತು ಬೆಳ್ಳಿಗೆ 5000 ಕೆಲ್ವಿನ್ ಸರಿಯಾದರೂ, ಅದನ್ನು ಚಿನ್ನದ ಗಾಜಿನ ಪೆಟ್ಟಿಗೆಗೆ ತಾಗದಂತೆ ದೂರವಿಡಬೇಕು. ಎರಡು ಬೆಳಕು ಒಂದೇ ನೋಟದಲ್ಲಿ ಸೇರಿದರೆ ಎರಡೂ ಕೆಟ್ಟದಾಗಿ ಕಾಣುತ್ತವೆ.

ಮೆರುಗು ಕೊಟ್ಟ ಚಿನ್ನ ಕನ್ನಡಿಯಂತೆ ಎದುರಿಗಿರುವುದನ್ನೆಲ್ಲ ಪ್ರತಿಫಲಿಸುತ್ತದೆ. ಕೆಂಪು ಮಖಮಲ್ಲಿನ ತಟ್ಟೆಯ ಮೇಲಿಟ್ಟ ಬಳೆಯ ಒಳಮೈ ಕೆಂಪಾಗಿ ಕಾಣುವುದು ಇದರಿಂದಲೇ. ಅಲಂಕಾರಕ್ಕೆ ಆ ತಟ್ಟೆ ಇರಲಿ, ಬಣ್ಣ ನೋಡಿ ಆರಿಸುವಾಗ ಮಾತ್ರ ತಿಳಿಬೂದು ಬಟ್ಟೆಯ ಮೇಲಿಡಿ. ಗುಲಾಬಿ ಅಥವಾ ಹಸಿರು ಗೋಡೆಗಳೂ ಹೀಗೆಯೇ ತಮ್ಮ ಛಾಯೆಯನ್ನು ಬಟ್ಟೆಗೆ ಅಂಟಿಸುವುದರಿಂದ, ಕೌಂಟರಿನ ಸುತ್ತ ಬಿಳಿ ಅಥವಾ ಬೂದು ಬಣ್ಣವೇ ಕ್ಷೇಮ.

ಬಿಳಿ ಬಟ್ಟೆಗೆ ಮಾತ್ರ ಈ ಏರ್ಪಾಡೂ ಸಾಲದು. ಬಹಳಷ್ಟು ಬಿಳಿ ಬಟ್ಟೆಗಳಿಗೆ ಹೊಳಪಿನ ದ್ರವ್ಯ ಹಾಕಿರುತ್ತಾರೆ; ಅದು ಹಗಲಿನ ಬೆಳಕಿನಲ್ಲಿರುವ ಅತಿನೇರಳೆ ಕಿರಣವನ್ನು ಹೀರಿ ನೀಲಿಯಾಗಿ ಹೊಮ್ಮಿಸುತ್ತದೆ. ಸಾಮಾನ್ಯ ಎಲ್‌ಇಡಿಯಲ್ಲಿ ಆ ಕಿರಣ ಇಲ್ಲವೆನ್ನುವಷ್ಟು ಕಡಿಮೆ, ಹೀಗಾಗಿ ಬಿಳಿ ಮಂಕಾಗಿ, ಎರಡು ಬಗೆಯ ಬಿಳಿಯೂ ಒಂದೇ ಎಂಬಂತೆ ಕಾಣುತ್ತವೆ. ಬಿಳಿಯನ್ನು ಹೊಂದಿಸಬೇಕಾದಾಗ ಹಗಲಿನಲ್ಲಿ ಕಿಟಕಿಯ ಬಳಿಗೆ ಒಯ್ದು ತೋರಿಸಿ.